ಗಟ್ಟಿ ರಟ್ಟೆ, ದಿಟ್ಟ ಹೆಜ್ಜೆ

ಶಾಲೆಯ ಕ್ರೀಡಾಕೂಟಕ್ಕೆ ಘೋಷಣೆ ಬರೆಯಲು ಕೂತ ಮಕ್ಕಳು ಮೊದಲು ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಬಲಿಷ್ಠರು ನಾವು, ಧೈರ್ಯವಂತರು ನಾವು.’ ಅರ್ಥದಲ್ಲಿ ಕೊರತೆಯಿಲ್ಲ. ಆದರೆ ಮೈದಾನದಲ್ಲಿ ಕೂಗಿ ನೋಡಿದರೆ ಸಾಲು ಕುಂಟುತ್ತದೆ. ‘ಬಲಿಷ್ಠರು’ ಐದು ಮಾತ್ರೆ, ‘ಧೈರ್ಯವಂತರು’ ಏಳು. ಎರಡನೆಯ ಅರ್ಧ ಮುಗಿಯುವುದರೊಳಗೆ ಹೆಜ್ಜೆ ತಪ್ಪಿರುತ್ತದೆ. ಪುಟ್ಟ ಮಕ್ಕಳ ಬಾಯಲ್ಲಂತೂ ‘ಷ್ಠ’ ಸಲೀಸಾಗಿ ಹೊರಳುವುದಿಲ್ಲ.

ಒಂದೇ ಅಕ್ಷರದಿಂದ ಶುರುವಾಗುವ ಸಮಾನಾರ್ಥಕ ಪದಗಳನ್ನು ಹುಡುಕುವುದು ಸಹಜವಾದ ಮುಂದಿನ ಹೆಜ್ಜೆ. ‘ಕ’ಕಾರಕ್ಕೆ ಕಸುವು, ಕೆಚ್ಚು, ಕಲಿ ಸಿಗುತ್ತವೆ, ‘ದ’ಕಾರಕ್ಕೆ ದಿಟ್ಟ, ದೃಢ. ಧೀರ ಎಂಬುದರಲ್ಲಿ ಮಹಾಪ್ರಾಣವಿದ್ದರೂ ಗುಂಪಿನ ಕೂಗಿನಲ್ಲಿ ಅದೂ ಇವುಗಳ ಜೊತೆ ಸೇರಿಕೊಳ್ಳುತ್ತದೆ. ‘ಬ’ಕಾರದಲ್ಲಿ ಮಾತ್ರ ಎಚ್ಚರ ಬೇಕು. ಬಲಿಷ್ಠ, ಬಲಶಾಲಿ, ಬಲವಂತ ಎಂದು ಪೋಣಿಸಿದರೆ ಒಂದೇ ಮಾತನ್ನು ಮೂರು ಸಲ ಹೇಳಿದಂತಾಗುತ್ತದೆ. ಅದರ ಮೇಲೆ, ‘ಬಲವಂತ’ ಎಂದಾಗ ಇಂದಿನ ಕಿವಿಗೆ ಕೇಳಿಸುವುದು ಒತ್ತಾಯ.

ಕನ್ನಡಕ್ಕೆ ಇನ್ನೊಂದು ದಾರಿಯೂ ಇದೆ. ಹಳೆಗನ್ನಡ ಕವಿಗಳು ಪದ್ಯದ ಪ್ರತಿ ಸಾಲಿನಲ್ಲೂ ಎರಡನೆಯ ಅಕ್ಷರದ ವ್ಯಂಜನವನ್ನು ಒಂದೇ ಆಗಿರಿಸುತ್ತಿದ್ದರು. ಅದೇ ಆದಿಪ್ರಾಸ. 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಪ್ರಾಸದ ಚರ್ಚೆಯಿದೆ. ಆ ಕಿವಿಯಿಂದ ಹುಡುಕಿದರೆ ಬಲಕ್ಕೂ ಧೈರ್ಯಕ್ಕೂ ಸಲ್ಲುವ ಪದಗಳು ಒಟ್ಟಿಗೇ ಕೈಗೆ ಬರುತ್ತವೆ: ಗಟ್ಟಿ, ರಟ್ಟೆ, ದಿಟ್ಟ. ಮೂರರಲ್ಲೂ ‘ಟ್ಟ’ಕಾರದ ಪೆಟ್ಟು ಎರಡನೆಯ ಅಕ್ಷರದಲ್ಲೇ ಬೀಳುತ್ತದೆ.

‘ಗಟ್ಟಿ ರಟ್ಟೆ, ದಿಟ್ಟ ಹೆಜ್ಜೆ.’

ಈಗ ಎಣಿಸಬಹುದು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದರಿಂದ ‘ಗ’ ಎರಡು ಮಾತ್ರೆ, ‘ಟ್ಟಿ’ ಒಂದು. ಉಳಿದ ಮೂರು ಪದಗಳದ್ದೂ ಇದೇ ಲೆಕ್ಕ. ನಾಲ್ಕು ಪದಗಳಿಗೆ ಮೂರು ಮೂರರಂತೆ ಹನ್ನೆರಡು ಮಾತ್ರೆ. ಪಥಸಂಚಲನದಲ್ಲಿ ಎಡ, ಬಲ, ಎಡ, ಬಲ ಎಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಾಲು ಮುಗಿಯುತ್ತದೆ, ಪ್ರತಿ ಪದದ ಗುರುವಿನ ಮೇಲೆ ಕಾಲು ಬೀಳುತ್ತದೆ. ‘ಹೆಜ್ಜೆ’ಯಲ್ಲಿ ‘ಟ್ಟ’ ಇಲ್ಲ ಎಂದು ಕೊರಗಬೇಕಿಲ್ಲ. ಮೂರು ಪೆಟ್ಟಿನ ನಂತರದ ಈ ಬದಲಾವಣೆ ಕಿವಿಗೆ ಹಿತ. ಕೊನೆಯ ‘ಎ’ಕಾರವನ್ನು ದೂರದವರೆಗೂ ಎಳೆದು ಕೂಗಲೂಬಹುದು.

ಅರ್ಥವೂ ಹಂಚಿಹೋಗಿದೆ: ಬಲ ತೋಳಿಗೆ, ಧೈರ್ಯ ಕಾಲಿಗೆ. ಇನ್ನೊಂದು ಅನುಕೂಲ ಹೆಣ್ಣುಮಕ್ಕಳದ್ದು. ‘ಗಟ್ಟಿಗ’ ಎಂದರೆ ‘ಗಟ್ಟಿಗಿತ್ತಿ’ ಹೊರಗುಳಿಯುತ್ತಾಳೆ, ‘ಧೀರ’ ಎಂದರೆ ‘ಧೀರೆ’. ಇಲ್ಲಿ ಗಟ್ಟಿ, ದಿಟ್ಟ ಎಂಬ ವಿಶೇಷಣಗಳು ರಟ್ಟೆಗೂ ಹೆಜ್ಜೆಗೂ ಅಂಟಿಕೊಂಡಿರುವುದರಿಂದ ಇಡೀ ತಂಡ ಒಂದೇ ದನಿಯಲ್ಲಿ ಕೂಗಬಹುದು.

ಓಟದ ತಂಡಕ್ಕೆ ಈ ಸಾಲು ಹೀಗೇ ಒಪ್ಪುತ್ತದೆ. ಕಬಡ್ಡಿಯವರು ಕೊನೆಯ ಪದ ಬದಲಿಸಿ ‘ದಿಟ್ಟ ಪಟ್ಟು’ ಎನ್ನಬಹುದು. ಆಗ ನಾಲ್ಕನೆಯ ‘ಟ್ಟ’ವೂ ಸೇರುತ್ತದೆ, ಮಾತ್ರೆ ಹನ್ನೆರಡೇ ಉಳಿಯುತ್ತದೆ.