ಕಾರ್ಡ್ ಬಿಲ್ಲಿನಲ್ಲಿ ಒಂದೇ ಮೊತ್ತ ಎರಡು ಸಲ

ಧಾರವಾಡದ ಒಬ್ಬ ನಿವೃತ್ತ ಮಾಸ್ತರು ತಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಮೊಬೈಲಿನಲ್ಲಿ ತೆರೆದು, ಎರಡು ಸ್ಕ್ರೀನ್‌ಶಾಟ್ ತೆಗೆದು, ಬೆಂಗಳೂರಿನಲ್ಲಿರುವ ಮಗಳಿಗೆ ವಾಟ್ಸ್ಆ್ಯಪ್ ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ. ಜೊತೆಗೊಂದು ಮಾತು: ‘ಎರಡೆರಡು ಸಲ ರೊಕ್ಕ ಹಿಡದಾರ. ಗೊತ್ತಿಲ್ಲದ ಹೆಸರೂ ಅದಾವು. ಸ್ವಲ್ಪ ನೋಡವ್ವ.’

ಎರಡೂ ಚಿತ್ರ ಸೇರಿ ಒಟ್ಟು ಹನ್ನೊಂದು ಸಾಲುಗಳಿವೆ. ಮೇಲ್ನೋಟಕ್ಕೆ ಅನುಮಾನ ಬರುವಂಥವು ನಾಲ್ಕು. ಸಿನಿಮಾ ನೋಡುವ ಆ್ಯಪ್‌ನ ಚಂದಾ 649 ರೂಪಾಯಿ ಎರಡು ಸಲ ಇದೆ. ಸೀರೆ ಅಂಗಡಿಯ 3,480 ರೂಪಾಯಿಯೂ ಎರಡು ಸಲ ಇದೆ. BUNDL TECHNOLOGIES ಎಂಬ ಹೆಸರಿಗೆ 412 ರೂಪಾಯಿ ಹೋಗಿದೆ. ಇನ್ನೊಂದು ಸಾಲಿನಲ್ಲಿ ಹೆಸರು ಅರ್ಧಕ್ಕೇ ತುಂಡಾಗಿದೆ, ಮೊತ್ತ 799. ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ ನಾಲ್ಕೂ ತಪ್ಪು ಎಂದು ಹೇಳಿದರೆ, ನಿಜವಾದ ತಪ್ಪಿನ ಜೊತೆಗೆ ಸರಿಯಾದ ಲೆಕ್ಕವೂ ದೂರಿಗೆ ಸೇರಿಕೊಂಡು ಕೆಲಸ ಕಗ್ಗಂಟಾಗುತ್ತದೆ.

ಮಗಳು ಮೊದಲು ಮಾಡಬೇಕಾದದ್ದು ಕೂಡುವ ಲೆಕ್ಕ. ಸ್ಕ್ರೀನ್‌ಶಾಟ್ ಎಂದರೆ ಬಿಲ್ಲಿನ ಒಂದು ತುಂಡು ಮಾತ್ರ. ಪರದೆಯನ್ನು ಮೇಲಕ್ಕೆ ಸರಿಸಿ ಎರಡನೇ ಚಿತ್ರ ತೆಗೆಯುವಾಗ ಮೊದಲ ಚಿತ್ರದ ಕೊನೆಯ ಸಾಲು ಎರಡನೆಯದರ ತಲೆಯ ಮೇಲೆ ಮತ್ತೆ ಬರುವುದು ತೀರಾ ಸಾಮಾನ್ಯ. ಹನ್ನೊಂದು ಸಾಲುಗಳನ್ನು ಕೂಡಿದರೆ 16,066 ರೂಪಾಯಿ ಬರುತ್ತದೆ. ಆದರೆ ಬಿಲ್ಲಿನ ಮೊದಲ ಪುಟದಲ್ಲಿ ಈ ತಿಂಗಳ ಖರೀದಿ ಎಂದು ತೋರಿಸಿರುವುದು 15,417. ವ್ಯತ್ಯಾಸ ಸರಿಯಾಗಿ 649. ಅಂದರೆ ಬ್ಯಾಂಕು ಚಂದಾ ಹಿಡಿದಿರುವುದು ಒಂದೇ ಸಲ, ಎರಡು ಸಲ ಬಂದದ್ದು ಚಿತ್ರದಲ್ಲಿ ಮಾತ್ರ.

ಇದೇ ಲೆಕ್ಕ ಉಲ್ಟಾ ಹೊಡೆಯುವುದೂ ಉಂಟು. ಕೂಡಿದ ಮೊತ್ತ ಬಿಲ್ಲಿನಲ್ಲಿರುವುದಕ್ಕಿಂತ ಕಡಿಮೆ ಬಂದರೆ ಎರಡು ಚಿತ್ರಗಳ ನಡುವೆ ಯಾವುದೋ ಸಾಲು ಬಿಟ್ಟುಹೋಗಿದೆ, ಇಲ್ಲವೇ ಶುಲ್ಕ, ಬಡ್ಡಿ, ಜಿಎಸ್‌ಟಿಯನ್ನು ಬೇರೆ ಕಡೆ ತೋರಿಸಿದ್ದಾರೆ ಎಂದರ್ಥ. ಅನುಮಾನದ ಸಾಲು ಅಲ್ಲೇ ಅಡಗಿರಬಹುದು. ಹಾಗಾಗಿ ಲೆಕ್ಕ ತಾಳೆಯಾಗುವವರೆಗೆ ಸ್ಕ್ರೀನ್‌ಶಾಟ್ ನಂಬಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಇಮೇಲಿಗೆ ಬರುವ ಪಿಡಿಎಫ್ ಬಿಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಹೆಸರು ಹೆಚ್ಚು ಪೂರ್ಣವಾಗಿರುತ್ತದೆ.

ಸೀರೆ ಅಂಗಡಿಯ ಕಥೆ ಬೇರೆ. ಅಲ್ಲಿ 3,480ರ ಎರಡೂ ಸಾಲುಗಳು ಒಂದೇ ಚಿತ್ರದ ನಡುಭಾಗದಲ್ಲಿವೆ, ಎರಡೂ ಒಟ್ಟು ಲೆಕ್ಕಕ್ಕೆ ಸೇರಿವೆ. ಆದರೂ ಇಷ್ಟರಿಂದಲೇ ತಪ್ಪು ಎನ್ನಲಾಗದು, ಒಂದೇ ಬೆಲೆಯ ಎರಡು ಸೀರೆ ಬೇರೆ ಬೇರೆ ಬಿಲ್ಲಿನಲ್ಲಿ ಕೊಂಡಿರಬಹುದು. ಮಾಸ್ತರು ನೆನಪಿಸಿಕೊಂಡು ಹೇಳುವುದಿಷ್ಟು: ಮೊದಲ ಸಲ ಕಾರ್ಡ್ ಉಜ್ಜಿದಾಗ ನೆಟ್‌ವರ್ಕ್ ಇಲ್ಲ ಅಂತ ಚೀಟಿ ಬರಲಿಲ್ಲ, ಅಂಗಡಿಯವರು ಇನ್ನೊಮ್ಮೆ ಉಜ್ಜಿದರು. ಮೊಬೈಲ್ ತೆಗೆದು ನೋಡಿದರೆ ಬ್ಯಾಂಕಿನ ಮೆಸೇಜ್ ಎರಡಿವೆ, ನಡುವೆ ಮೂರು ನಿಮಿಷದ ಅಂತರ. ಕೈಯಲ್ಲಿರುವ ಚೀಟಿ ಮಾತ್ರ ಒಂದೇ. ಇದು ನಿಜಕ್ಕೂ ಎರಡು ಸಲ ಹಿಡಿದ ಹಣ.

ಹೀಗಾಗಲು ಕಾರಣವಿದೆ. ಕಾರ್ಡ್ ಉಜ್ಜಿದ ಕ್ಷಣದಲ್ಲಿ ಬ್ಯಾಂಕು ಒಪ್ಪಿಗೆ ಕೊಟ್ಟು ಅಷ್ಟು ಮೊತ್ತವನ್ನು ಕಾರ್ಡಿನ ಮಿತಿಯಲ್ಲಿ ತಡೆಹಿಡಿಯುತ್ತದೆ. ಆ ಒಪ್ಪಿಗೆ ಅಂಗಡಿಯ ಯಂತ್ರಕ್ಕೆ ವಾಪಸ್ ತಲುಪುವಷ್ಟರಲ್ಲಿ ಸಂಪರ್ಕ ಕಡಿದರೆ ಯಂತ್ರದ ಮಟ್ಟಿಗೆ ವ್ಯವಹಾರ ನಡೆದೇ ಇಲ್ಲ, ಬ್ಯಾಂಕಿನ ಮಟ್ಟಿಗೆ ನಡೆದಿದೆ. ಹೆಚ್ಚಿನ ಸಲ ತಡೆಹಿಡಿದ ಮೊತ್ತ ಕೆಲವು ದಿನಗಳಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ಆದ್ದರಿಂದ ಇನ್ನೂ ಬಿಲ್ ಆಗದ ವ್ಯವಹಾರಗಳ ಪಟ್ಟಿಯಲ್ಲಿ ಮೊತ್ತ ಎರಡು ಸಲ ಕಂಡರೆ ಒಂದು ಸಾಲು ಮಾಯವಾಗುವ ಸಾಧ್ಯತೆ ಇದ್ದೇ ಇರುತ್ತದೆ. ತಿಂಗಳ ಬಿಲ್ಲಿನೊಳಗೇ ಎರಡೂ ಬಂದು ಕೂತರೆ ಹಣ ಲೆಕ್ಕಕ್ಕೆ ಸೇರಿಬಿಟ್ಟಿದೆ ಎಂದೇ ತಿಳಿಯಬೇಕು.

ಇಂಥ ಪ್ರಸಂಗಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟ ಗಡುವು ಹಾಕಿದೆ. ಖಾತೆಗೆ ಖರ್ಚು ಬಿದ್ದು ಅಂಗಡಿಗೆ ಖಾತರಿ ತಲುಪದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮಾಸ್ತರು ಅಂಗಡಿಗೆ ಹೋಗಿ ಆ ದಿನ ಎಷ್ಟು ಹಣ ಜಮಾ ಆಗಿದೆ ಎಂದು ಕೇಳಿ ಬರುವುದು ಒಳ್ಳೆಯದು. ಅಂಗಡಿಗೆ ಬಂದದ್ದು ಒಂದೇ 3,480 ಎಂದಾದರೆ ಅವರ ಆ ಮಾತು ಬ್ಯಾಂಕಿಗೆ ಕೊಡುವ ದೂರಿಗೆ ಗಟ್ಟಿ ಆಧಾರ. ಎರಡೂ ಬಂದಿದ್ದರೆ ಅಂಗಡಿಯವರೇ ಒಂದನ್ನು ಕಾರ್ಡಿಗೆ ವಾಪಸ್ ಹಾಕಬಹುದು. ಆಗ ನಗದು ಇಸಿದುಕೊಳ್ಳದೆ ಕಾರ್ಡಿಗೇ ಹಾಕಿಸಿಕೊಂಡರೆ ಲೆಕ್ಕ ಬಿಲ್ಲಿನಲ್ಲೇ ಮುಗಿಯುತ್ತದೆ.

ಇನ್ನು ಗೊತ್ತಿಲ್ಲದ ಹೆಸರುಗಳು. BUNDL TECHNOLOGIES ಎನ್ನುವುದು ಸ್ವಿಗ್ಗಿ ಕಂಪನಿಯ ಹಳೆಯ ನೋಂದಾಯಿತ ಹೆಸರು. ಓಲಾದ ಕಂಪನಿ ಹೆಸರು ANI TECHNOLOGIES, ಪೇಟಿಎಂನದು ONE97 COMMUNICATIONS. ಬಿಲ್ಲಿನಲ್ಲಿ ಅಂಗಡಿಯ ಬೋರ್ಡಿನ ಮೇಲಿರುವ ಹೆಸರೇ ಬರಬೇಕೆಂದಿಲ್ಲ. ಕಂಪನಿಯ ಕಾಗದದ ಹೆಸರೋ, ಹಣ ಸಂಗ್ರಹಿಸಿ ಕೊಡುವ ಮಧ್ಯವರ್ತಿಯ ಹೆಸರೋ ಬರಬಹುದು. ಅದಕ್ಕೇ ಹೆಸರಿಗಿಂತ ದಿನಾಂಕ ಹಿಡಿದು ಹೋಗುವುದು ಸಲೀಸು: ಆ ದಿನ ಮನೆಯಲ್ಲಿ ಯಾರು ಏನು ತರಿಸಿದರು, ಹೆಚ್ಚುವರಿ ಕಾರ್ಡ್ ಯಾರ ಹತ್ತಿರ ಇದೆ? 412 ರೂಪಾಯಿಯ ಊಟ ಹೀಗೆ ಪತ್ತೆಯಾಗುತ್ತದೆ.

799ಕ್ಕೆ ಮಾತ್ರ ಮನೆಯಲ್ಲಿ ಯಾರಿಂದಲೂ ಉತ್ತರ ಸಿಗುವುದಿಲ್ಲ. ಹಿಂದಿನ ತಿಂಗಳ ಅದೇ ತಾರೀಖಿನ ಸುಮಾರಿಗೆ ಅದೇ ಮೊತ್ತ ಇದ್ದರೆ ಮರೆತುಹೋದ ಚಂದಾ ಇರಬಹುದು. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ ತಾನಾಗಿ ಕಡಿತವಾಗುವ ಚಂದಾ ಹಣಕ್ಕೆ 24 ಗಂಟೆ ಮೊದಲೇ ಮುನ್ಸೂಚನೆ ಬರಬೇಕು. ಆ ಮೆಸೇಜಿಗಾಗಿ ಹುಡುಕಬೇಕು. ಹಿಂದಿನ ತಿಂಗಳಲ್ಲೂ ಇಲ್ಲ, ಮುನ್ಸೂಚನೆಯೂ ಇಲ್ಲ, ಪಿಡಿಎಫ್‌ನಲ್ಲಿ ನೋಡಿದರೆ ವಿದೇಶದ ಹೆಸರು ಎಂದಾದರೆ ಕಾರ್ಡಿನ ಮಾಹಿತಿ ಬೇರೆಯವರ ಕೈಗೆ ಸಿಕ್ಕಿರುವ ಸಾಧ್ಯತೆ ದೊಡ್ಡದು. ವಿದೇಶಿ ತಾಣಗಳಲ್ಲಿ ಒಟಿಪಿ ಇಲ್ಲದೆಯೂ ಹಣ ಹೋಗುವುದುಂಟು. ಮೊತ್ತ ಚಿಕ್ಕದೆಂದು ಬಿಡುವಂತಿಲ್ಲ, ಕಾರ್ಡ್ ಜೀವಂತ ಇದೆಯೇ ಎಂದು ಪರೀಕ್ಷಿಸಲು ಕಳ್ಳರು ಮೊದಲು ಸಣ್ಣ ಮೊತ್ತವನ್ನೇ ಎಳೆದು ನೋಡುತ್ತಾರೆ.

ಸಮಯದ ಲೆಕ್ಕ ಇಲ್ಲಿ ಬಹಳ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದ ಇಂಥ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಯಾವ ಹೊಣೆಯೂ ಇಲ್ಲ. 4ರಿಂದ 7 ದಿನವಾದರೆ ಒಂದು ಮಿತಿಯವರೆಗೆ ನಷ್ಟ ಹೊರಬೇಕಾಗಬಹುದು. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ಈ ದಿನಗಳು ಶುರುವಾಗುವುದು ಬ್ಯಾಂಕಿನ ಮೆಸೇಜ್ ಬಂದಾಗಿನಿಂದ, ತಿಂಗಳ ಬಿಲ್ ತೆರೆದ ದಿನದಿಂದ ಅಲ್ಲ. ಬಿಲ್ ಬರುವವರೆಗೆ ಕಾದವರು ಎಷ್ಟೋ ಸಲ ಆ ಮೂರು ದಿನ ಕಳೆದುಕೊಂಡಿರುತ್ತಾರೆ. ಬ್ಯಾಂಕಿನ ಮೆಸೇಜ್‌ಗಳನ್ನು ಓದದೆ ಅಳಿಸುವ ಅಭ್ಯಾಸ ದುಬಾರಿಯಾಗುವುದು ಇಲ್ಲೇ.

ಆದ್ದರಿಂದ 799ರ ವಿಷಯದಲ್ಲಿ ಮೊದಲು ಆ್ಯಪ್‌ನಲ್ಲೇ ಕಾರ್ಡ್ ಬಂದ್ ಮಾಡಿ, ಆಮೇಲೆ ಫೋನ್. ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಬಾರದು, ಅಲ್ಲಿ ಬ್ಯಾಂಕಿನ ಹೆಸರಲ್ಲಿ ಕಳ್ಳರೇ ನಂಬರ್ ಹಾಕಿಟ್ಟಿರುತ್ತಾರೆ. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೇ ಕರೆ ಮಾಡಬೇಕು. ದೂರು ಎರಡಾಗಿ ದಾಖಲಾಗಲಿ: 799 ತಾವು ಮಾಡದ ವ್ಯವಹಾರ, 3,480 ಎರಡು ಸಲ ಹಿಡಿದದ್ದು. ಎರಡಕ್ಕೂ ದೂರಿನ ಸಂಖ್ಯೆ ಪಡೆದು, ಮೆಸೇಜ್‌ಗಳ ಪ್ರತಿ ಮತ್ತು ಅಂಗಡಿ ಚೀಟಿಯ ಫೋಟೋ ಇಮೇಲ್ ಮಾಡಬೇಕು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಬ್ಯಾಂಕಿನ ದೂರಿನ ಸಂಖ್ಯೆ ಆಗ ಕೈಯಲ್ಲಿರಬೇಕು.