ಟೆಸ್ಟ್ ಆಟೊಮೇಷನ್: ಮ್ಯಾನೇಜ್‌ಮೆಂಟ್ ಕೇಳುವ ಲೆಕ್ಕ

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುಗಡೆಯಾಗುತ್ತದೆ. ಹೊಸದನ್ನು ಸೇರಿಸುವ ಭರದಲ್ಲಿ ಹಳೆಯದೇನಾದರೂ ಕೆಟ್ಟಿದೆಯೇ ಎಂದು ತಿಳಿಯಲು ಪ್ರತಿ ಸಲವೂ 300 ಪರೀಕ್ಷೆಗಳನ್ನು ಕೈಯಾರೆ ಮಾಡಬೇಕು. ಲಾಗಿನ್ ಆಗಬೇಕು, ಬಿಲ್ ಹಾಕಬೇಕು, ತೆರಿಗೆ ತಾಳೆ ನೋಡಬೇಕು. ನಾಲ್ವರಿಗೆ ಮೂರು ದಿನದ ಕೆಲಸ, ಅಂದರೆ 12 ಮಾನವ ದಿನ. ಇದೇ ರಿಗ್ರೆಷನ್ ಟೆಸ್ಟಿಂಗ್.

ಈ ಕೆಲಸವನ್ನು ಟೂಲ್‌ಗೆ ವಹಿಸೋಣ ಎಂದು ತಂಡವೊಂದು ಪ್ರಸ್ತಾವ ಬರೆಯುವಾಗ ಸಾಮಾನ್ಯವಾಗಿ ಹೇಳುವ ಮಾತು, ‘ಟೂಲ್ ಉಚಿತ’. ಅದು ನಿಜವೇ. 2004ರಲ್ಲಿ ಹುಟ್ಟಿದ ಸೆಲೆನಿಯಂ, 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಎರಡೂ ಮುಕ್ತ ತಂತ್ರಾಂಶಗಳು. ಖರ್ಚು ಇರುವುದು ಬೇರೆ ಕಡೆ.

ನಮ್ಮ ಕಂಪನಿ 300ರಲ್ಲಿ 120 ಪರೀಕ್ಷೆಗಳನ್ನು ಆರಿಸಿಕೊಂಡಿತು ಎನ್ನೋಣ. ಅವು ಪದೇ ಪದೇ ಮಾಡುವಂಥವು, ಉತ್ತರ ಖಚಿತವಾಗಿರುವಂಥವು. ಪ್ರಿಂಟ್ ಅಂದವಾಗಿ ಬಂದಿದೆಯೇ ಎಂದು ನೋಡುವುದು, ವಾರವಾರವೂ ಬದಲಾಗುವ ಪರದೆಗಳನ್ನು ಪರೀಕ್ಷಿಸುವುದು ಮನುಷ್ಯರಿಗೇ ಉಳಿಯಲಿ. ಒಂದು ಪರೀಕ್ಷೆಗೆ ಸ್ಕ್ರಿಪ್ಟ್ ಬರೆಯಲು ಅರ್ಧ ದಿನದಂತೆ 60 ಮಾನವ ದಿನ, ಕಲಿಕೆಗೆ 15; ಒಟ್ಟು 75. ಈ 120ನ್ನು ಕೈಯಾರೆ ಮಾಡುವುದು ತಪ್ಪಿದರೆ ಪ್ರತಿ ಬಿಡುಗಡೆಗೆ 4.8 ದಿನ ಉಳಿಯುತ್ತದೆ. ಆದರೆ ಪರದೆ ಬದಲಾದಾಗ ಸ್ಕ್ರಿಪ್ಟ್ ತಿದ್ದಬೇಕು, ಫೇಲ್ ಆದದ್ದು ಏಕೆಂದು ಹುಡುಕಬೇಕು. ಅದಕ್ಕೆ 1.8 ದಿನ ಹೋದರೆ ನಿಜವಾದ ಉಳಿತಾಯ 3 ದಿನ. ಹಾಕಿದ್ದು ಹಿಂದಿರುಗಲು 25 ಬಿಡುಗಡೆ ಬೇಕು. ಸುಮಾರು ಒಂದು ವರ್ಷ.

ಈಗ ನಿರ್ವಹಣೆಯ ಅಂಕಿಯೊಂದನ್ನೇ ಬದಲಿಸಿ ನೋಡಿ. ಅದು 3.8 ದಿನಕ್ಕೆ ಏರಿದರೆ ಉಳಿತಾಯ ಒಂದೇ ದಿನ, ಕಾಯಬೇಕಾದದ್ದು ಹೆಚ್ಚುಕಡಿಮೆ ಮೂರು ವರ್ಷ. ಯೋಜನೆಯ ಅಳಿವು ಉಳಿವು ಟೂಲಿನ ಬೆಲೆಯಲ್ಲಿಲ್ಲ, ಈ ನಿರ್ವಹಣೆಯಲ್ಲಿದೆ. ಪ್ರಸ್ತಾವದಲ್ಲಿ ಇದನ್ನು ಮುಚ್ಚಿಟ್ಟವರು ಆರು ತಿಂಗಳಲ್ಲಿ ಉತ್ತರ ಕೊಡಬೇಕಾಗುತ್ತದೆ.

ಲಾಭ ಉಳಿದ ದಿನಗಳಷ್ಟೇ ಅಲ್ಲ. ಸ್ಕ್ರಿಪ್ಟ್‌ಗಳು ರಾತ್ರಿಯೇ ಓಡಿ ಮುಗಿಯುವುದರಿಂದ ನಿನ್ನೆ ಕೋಡ್ ಬರೆದವರಿಗೆ ಇಂದು ಬೆಳಿಗ್ಗೆಯೇ ತಪ್ಪು ಗೊತ್ತಾಗುತ್ತದೆ. ಬರೆದದ್ದು ನೆನಪಿನಲ್ಲಿರುವಾಗ ತಿದ್ದುವುದು ಸುಲಭ.

ನಿರ್ವಹಣೆಯ ನಿಜವಾದ ಹೊರೆ ತಿಳಿಯುವುದಕ್ಕೇ ಪೈಲಟ್ ಬೇಕು. ಎಂಟು ವಾರ, ಇಬ್ಬರು, 20 ಪರೀಕ್ಷೆಗಳು ಸಾಕು. ಮೊದಲ ನಾಲ್ಕು ವಾರ ಕಲಿಕೆ ಮತ್ತು ಬರವಣಿಗೆ. ಮುಂದಿನ ನಾಲ್ಕು ವಾರ ಪ್ರತಿ ಕೆಲಸದ ದಿನದ ರಾತ್ರಿ ಅವನ್ನು ಓಡಿಸಬೇಕು. ಕೈಯಾರೆ ಮಾಡುವ ಪರೀಕ್ಷೆ ಅಲ್ಲಿಯವರೆಗೆ ನಿಲ್ಲಬಾರದು. ಡೆವಲಪರ್‌ಗಳ ಸಹಕಾರವನ್ನೂ ಪ್ರಸ್ತಾವದಲ್ಲೇ ಕೇಳಿಕೊಳ್ಳಬೇಕು. ಪರದೆಯ ಪ್ರತಿ ಬಟನ್‌ಗೆ ಅವರು `data-testid` ಎಂಬ ಸ್ಥಿರ ಗುರುತು ಕೊಟ್ಟರೆ, ಬಟನ್ ಜಾಗ ಬದಲಿಸಿದರೂ ಬಣ್ಣ ಬದಲಿಸಿದರೂ ಸ್ಕ್ರಿಪ್ಟ್ ಅದನ್ನು ಹುಡುಕಿಕೊಳ್ಳುತ್ತದೆ.

ಅಳತೆಗೋಲುಗಳನ್ನು ಮೊದಲೇ ಬರೆದಿಡಬೇಕು. ನಾಲ್ಕು ವಾರದ 20 ರಾತ್ರಿಗಳಲ್ಲಿ 400 ಓಟಗಳಾಗುತ್ತವೆ. ಸಾಫ್ಟ್‌ವೇರ್ ಸರಿಯಿದ್ದೂ ಪರೀಕ್ಷೆ ಫೇಲ್ ಎಂದದ್ದು ಎಂಟು ಸಲ ಮೀರಬಾರದು. ಸುಳ್ಳು ಎಚ್ಚರಿಕೆ ಹೆಚ್ಚಾದರೆ ತಂಡ ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸತೊಡಗುತ್ತದೆ. ನಿರ್ವಹಣೆಗೆ ಪ್ರತಿ ಬಿಡುಗಡೆಗೆ ಎರಡೂವರೆ ಗಂಟೆ ಮೀರಬಾರದು, ಏಕೆಂದರೆ ಮೇಲಿನ 1.8 ದಿನದಲ್ಲಿ 20 ಪರೀಕ್ಷೆಗಳ ಪಾಲು ಅಷ್ಟೇ.

ಮೂರನೆಯ ಅಳತೆ ಎಲ್ಲಕ್ಕಿಂತ ಮುಖ್ಯ. ಬೇಕೆಂದೇ ಒಂದು ತಪ್ಪು ತುರುಕಿ, ಪರೀಕ್ಷೆ ಅದನ್ನು ಹಿಡಿಯುತ್ತದೆಯೇ ನೋಡಬೇಕು. ಶೇ 18ರ ಜಿಎಸ್‌ಟಿ ಇರುವ 1,000 ರೂಪಾಯಿಯ ಸರಕು ರಾಜ್ಯದೊಳಗೇ ಮಾರಾಟವಾದರೆ ಕೇಂದ್ರಕ್ಕೆ 90, ರಾಜ್ಯಕ್ಕೆ 90; ಹೊರರಾಜ್ಯಕ್ಕೆ ಹೋದರೆ ಐಜಿಎಸ್‌ಟಿ 180. ಎರಡರಲ್ಲೂ ಮೊತ್ತ 1,180. ಹೊರರಾಜ್ಯದ ಬಿಲ್ಲಿನಲ್ಲಿ ತೆರಿಗೆಯನ್ನು ತಪ್ಪಾಗಿ 90, 90 ಎಂದು ಒಡೆದರೂ, ಮೊತ್ತ ಮಾತ್ರ ನೋಡುವ ಸ್ಕ್ರಿಪ್ಟ್ ‘ಪಾಸ್’ ಎಂದೇ ಹೇಳುತ್ತದೆ. ಅಂಥ ಪರೀಕ್ಷೆ ನೂರಿದ್ದರೂ ಪ್ರಯೋಜನವಿಲ್ಲ. ತೆರಿಗೆಯ ಪ್ರತಿ ಸಾಲನ್ನೂ ತಾಳೆ ನೋಡುವಂತೆ ಅದನ್ನು ಬರೆಯಬೇಕು.

ಮೂರೂ ಅಳತೆಗಳಲ್ಲಿ ಗೆದ್ದರೆ ಉಳಿದ 100 ಪರೀಕ್ಷೆಗಳಿಗೆ ಹಣ ಕೇಳಬಹುದು. ಸೋತರೆ ಕಾರಣ ಬರೆದು ಅಲ್ಲಿಗೇ ನಿಲ್ಲಿಸಬೇಕು. ಪ್ರಸ್ತಾವ ಬರೆಯಲು ಕೂತವರು ನಿಲ್ಲಿಸುವ ಷರತ್ತನ್ನು ಮೊದಲ ಪುಟದಲ್ಲೇ ಬರೆಯಲಿ. ಒಪ್ಪಿಗೆ ಕೊಡುವವರು ಅದಿಲ್ಲದ ಪ್ರಸ್ತಾವಕ್ಕೆ ಸಹಿ ಹಾಕದಿರಲಿ.