ತುರುಬಿನ ಕೆಳಗೆ ಕಾಣುವ ಕೂದಲು

ಜಡೆ ಇಳಿಬಿಟ್ಟಾಗ ಹೆಡಕು ಮುಚ್ಚಿರುತ್ತದೆ. ತುರುಬು ಕಟ್ಟಿ ಡೀಪ್ ನೆಕ್ ಬ್ಲೌಸ್ ತೊಟ್ಟಾಗಲೇ ಅಲ್ಲಿನ ಕೂದಲು ಎದ್ದು ಕಾಣುವುದು. ಎರಡು ವರ್ಷದ ಹಿಂದೆ ಅಕ್ಕನ ದೊಡ್ಡ ಮಗಳ ಮದುವೆಗೆ ಹಿಂದಿನ ಸಂಜೆ ಪಾರ್ಲರ್‌ನವರು ರೇಜರ್ ಹಿಡಿದು, ಕೂದಲಂಚನ್ನು ಗೆರೆ ಎಳೆದಂತೆ ನೆಟ್ಟಗೆ ಬೋಳಿಸಿಬಿಟ್ಟರು. ಮುಹೂರ್ತಕ್ಕೆ ಚೆನ್ನಾಗಿಯೇ ಇತ್ತು. ಮೂರನೇ ದಿನದ ರಿಸೆಪ್ಶನ್ ಹೊತ್ತಿಗೆ ಕಪ್ಪು ಚುಕ್ಕೆಗಳು ಮೂಡಿದ್ದವು, ಕೈಗೆ ಮುಳ್ಳುಮುಳ್ಳು. ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆ ಮೋಟುಗೂದಲು ಮತ್ತೆ ತುರುಬಿಗೆ ಸಿಗಲು ಆರೇಳು ತಿಂಗಳೇ ಬೇಕಾಯಿತು.

ಈ ಸಲ ಚಿಕ್ಕವಳ ಮದುವೆಗೆ ನಾನೇ ಮುಂದೆ ನಿಂತೆ. ಭಾನುವಾರ ಮುಹೂರ್ತ, ಬುಧವಾರವೇ ಕೂರಿಸಿದೆವು. ಮದುವೆಗೆ ಹಾಕುವ ಎತ್ತರದಲ್ಲೇ ತುರುಬು ಕಟ್ಟಿ, ದೊಡ್ಡ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿಯಲ್ಲಿ ಅವಳಿಗೂ ತೋರಿಸಿದೆ. ತುರುಬಿಗೆ ಎಟುಕುವ ಕೂದಲನ್ನು, ಎಷ್ಟೇ ಕೆಳಗಿನದಾದರೂ, ಮುಟ್ಟಲಿಲ್ಲ. ಅಂಚಿನ ಮೆತ್ತನೆಯ ಎಳೆಗೂದಲನ್ನೂ ಬಿಟ್ಟೆವು. ಕತ್ತು ಸಹಜವಾಗಿ ಕಾಣುವುದು ಅದರಿಂದಲೇ. ಅದಕ್ಕೂ ಕೆಳಗೆ, ಕತ್ತಿನ ಮೇಲೆ ಚದುರಿ ಬೆಳೆದ ಕಪ್ಪು ಕೂದಲನ್ನಷ್ಟೇ ತೆಗೆಸಿದ್ದು. ಬೆನ್ನಿನ ನವಿರು ಹತ್ತಿರ ಬಂದು ನೋಡಿದರೆ ಮಾತ್ರ ಕಾಣುವಂಥದ್ದು, ಅದರ ಗೋಜಿಗೆ ಹೋಗಲಿಲ್ಲ.

ವ್ಯಾಕ್ಸ್ ಹಚ್ಚುವಾಗ ಇಲ್ಲೊಂದು ಸೂಕ್ಷ್ಮವಿದೆ. ಕೈಕಾಲಿನ ಕೂದಲಿನ ಹಾಗೆ ಹೆಡಕಿನದು ಒಂದೇ ಕಡೆಗೆ ಮಲಗಿರುವುದಿಲ್ಲ. ಹಲವರಿಗೆ ಎರಡೂ ಬದಿಯಿಂದ ನಡುವಿಗೆ ತಿರುಗಿರುತ್ತದೆ, ಕೆಲವರಿಗೆ ಮೇಲ್ಮುಖವಾಗಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ: ನುಣುಪಾಗಿ ಸರಿಯುವ ಕಡೆಗೆ ಕೂದಲು ಬೆಳೆದಿದೆ, ತಡೆಯುವುದು ಅದರ ಎದುರು ದಿಕ್ಕು. ಬೆಳೆದ ಕಡೆಗೇ ವ್ಯಾಕ್ಸ್ ಸವರಿ, ಚರ್ಮ ಬಿಗಿಹಿಡಿದು, ಎದುರು ದಿಕ್ಕಿಗೆ ಎಳೆಯಬೇಕು. ಅದಕ್ಕೇ ಎರಡು ಬೆರಳಗಲದ ಪಟ್ಟಿ ಸಾಕು. ಅಗಲ ಪಟ್ಟಿ ಹಾಕಿ ಒಂದೇ ಸಲ ಎಳೆದರೆ ಅರ್ಧ ಕೂದಲು ನಡುವೆ ತುಂಡಾಗಿ, ಆಮೇಲೆ ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ.

ಮೊಡವೆಗೆ ರೆಟಿನಾಯ್ಡ್ ಕ್ರೀಮು ಹಚ್ಚುವ ಜಾಗಕ್ಕೆ ವ್ಯಾಕ್ಸ್ ಬೇಡವೇ ಬೇಡ, ಸಿಪ್ಪೆಯೇ ಎದ್ದುಬರಬಹುದು. ಅಂಥವರಿಗೆ ಟ್ರಿಮ್ಮರ್ ವಾಸಿ. ಹೆಡಕಿನಲ್ಲಿ ಮೊದಲೇ ಗಟ್ಟಿ ಗುಳ್ಳೆಗಳಿದ್ದರೆ ಬೋಳಿಸುವುದು, ಕೀಳುವುದು ಎರಡನ್ನೂ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.

ವ್ಯಾಕ್ಸ್ ಆದ ಮೇಲೆ ಒಂದು ದಿನ ಅವಳಿಗೆ ಬಿಸಿನೀರು, ತಲೆಗೆ ಎಣ್ಣೆ ಎರಡೂ ಬೇಡವೆಂದೆ. ಮೊದಲ ಸಂಜೆ ಕೆಂಪಾಗಿತ್ತು, ಗುರುವಾರ ಇಳಿಯಿತು. ಭಾನುವಾರ ಬೆಳಗ್ಗೆ ಬಟಾಣಿಯಷ್ಟು ಜೆಲ್ಲನ್ನು ಹೊಸ ಟೂತ್‌ಬ್ರಷ್‌ಗೆ ಹಚ್ಚಿ, ಬಿಟ್ಟಿದ್ದ ಎಳೆಗೂದಲನ್ನು ಮೇಲಕ್ಕೆ ಬಾಚಿದೆ. ಅದು ಒಣಗಿದ ಮೇಲೆಯೇ ಮಲ್ಲಿಗೆ ದಂಡೆ ಮುಡಿಸಿದ್ದು.